ಸಂಭಾವನೆ ಇಲ್ಲದಿದ್ದರೆ ಸಂದರ್ಶಕ ವೀಸಾ ಸಾಕೇ? ಅಮೆರಿಕಕ್ಕೆ ಹೊರಡುವ ಯಕ್ಷಗಾನ ತಂಡಗಳು ತಿಳಿಯಬೇಕಾದ ಸತ್ಯ

ಡೊಂಬಿವಲಿ, ಕಲ್ಯಾಣ್, ಥಾಣೆ ಮತ್ತು ನವಿ ಮುಂಬಯಿಯ ಕನ್ನಡಿಗರ ಯಕ್ಷಗಾನ ತಂಡಗಳಲ್ಲಿ, ವಾರವಿಡೀ ಬ್ಯಾಂಕು, ಹೋಟೆಲು, ಕಚೇರಿಗಳಲ್ಲಿ ದುಡಿದು ರಜಾದಿನಗಳಲ್ಲಿ ಗೆಜ್ಜೆ ಕಟ್ಟುವ ಹವ್ಯಾಸಿಗಳೂ ಊರಿನ ಮೇಳಗಳಲ್ಲಿ ತಿರುಗಾಟ ಮಾಡುವ ವೃತ್ತಿಕಲಾವಿದರೂ ಒಂದೇ ರಂಗಸ್ಥಳದಲ್ಲಿ ಕೂಡುವುದುಂಟು. ಇಂಥ ಮಿಶ್ರ ತಂಡಕ್ಕೆ ಅಮೆರಿಕದ ಕನ್ನಡ ಕೂಟವೊಂದರಿಂದ ಕರೆ ಬಂದಾಗ ಮೊದಲು ಎದುರಾಗುವುದು, ಸಂಭಾವನೆ ಪಡೆಯದಿದ್ದರೆ ಎಲ್ಲರಿಗೂ ಸಂದರ್ಶಕ ವೀಸಾ ಸಾಕು ಎಂಬ ನಂಬಿಕೆ.

ಸತ್ಯ ಹಾಗಿಲ್ಲ. ಈ ಒಂದು ಪ್ರದರ್ಶನಕ್ಕೆ ಹಣ ಸಿಗುತ್ತದೆಯೇ ಎಂಬುದಷ್ಟನ್ನೇ ಅಮೆರಿಕದ ವೀಸಾ ನಿಯಮ ನೋಡುವುದಿಲ್ಲ. ಕಲಾವಿದ ಸಾಮಾನ್ಯವಾಗಿ ಹಣ ಪಡೆದು ಕುಣಿಯುವವನೇ, ಹಾಡುವವನೇ ಎಂಬುದನ್ನೂ ನೋಡುತ್ತದೆ. ಖರ್ಚುವೆಚ್ಚದ ಹೊರತು ಏನನ್ನೂ ಪಡೆಯದೆ ಕಲೆಯಲ್ಲಿ ತೊಡಗಿರುವ ಹವ್ಯಾಸಿಗೆ, ಸಾಮಾಜಿಕ ಅಥವಾ ದತ್ತಿ ಉದ್ದೇಶದ ಕಾರ್ಯಕ್ರಮದಲ್ಲಿ ಭಾಗವಹಿಸಲು ಬಿ-2 ಎಂಬ ಸಂದರ್ಶಕ ವೀಸಾ ಸಿಗಬಹುದು. ಆದರೆ ಮೇಳದ ಸಂಬಳದಿಂದ ಬದುಕುವ ಭಾಗವತರು ಅಲ್ಲಿ ಉಚಿತವಾಗಿ ಹಾಡಲು ಒಪ್ಪಿದರೂ ಈ ರಿಯಾಯಿತಿಗೆ ಅರ್ಹರಾಗುವುದಿಲ್ಲ. ವೃತ್ತಿಕಲಾವಿದರನ್ನು ಪ್ರವಾಸಿಗರೆಂದು ಬರೆಸಿ ಕಳುಹಿಸುವ ಸಲಹೆ ಅತ್ಯಂತ ಅಪಾಯಕಾರಿ, ಏಕೆಂದರೆ ಮುಖ್ಯವಾದ ಸಂಗತಿಯನ್ನು ಬೇಕೆಂದೇ ತಪ್ಪಾಗಿ ಹೇಳಿದ್ದು ಸಿದ್ಧವಾದರೆ ಆ ಕಲಾವಿದರಿಗೆ ಅಮೆರಿಕದ ಪ್ರವೇಶವೇ ಶಾಶ್ವತವಾಗಿ ನಿಷೇಧವಾಗಬಹುದು, ಮತ್ತು ಕೂಟದವರೇ ಹಂಚಿದ ಭಿತ್ತಿಪತ್ರ ಅದಕ್ಕೆ ಸಾಕ್ಷಿಯಾಗಬಹುದು.

ಆಮಂತ್ರಣ ಪತ್ರವೊಂದಿದ್ದರೆ ಮುಂಬಯಿಯ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ದೂತಾವಾಸದಲ್ಲಿ ಉಳಿದದ್ದು ತಾನಾಗಿ ಆಗುತ್ತದೆ ಎಂಬುದು ಎರಡನೆಯ ಕಲ್ಪನೆ. ಯಕ್ಷಗಾನದಂಥ ವಿಶಿಷ್ಟ ಸಾಂಸ್ಕೃತಿಕ ಕಲೆಗೆಂದೇ ಇರುವ ಪಿ-3 ವೀಸಾಕ್ಕೆ ಮೊದಲ ಹೆಜ್ಜೆ ಇಡಬೇಕಾದವರು ಕಲಾವಿದರಲ್ಲ, ಆಹ್ವಾನಿಸಿದ ಸಂಘಟಕರು ಅಥವಾ ಅವರ ಪರವಾದ ಅಮೆರಿಕದ ಏಜೆಂಟರು; ಅವರು ಅಲ್ಲಿನ ವಲಸೆ ಇಲಾಖೆಗೆ ಐ-129 ಎಂಬ ಮನವಿಯನ್ನು ಸಲ್ಲಿಸಬೇಕು. ಹಿಮ್ಮೇಳ, ಮುಮ್ಮೇಳ ಸೇರಿ ಹತ್ತು ಕಲಾವಿದರು ಮತ್ತು ಇಬ್ಬರು ಪ್ರಸಾಧನದವರಿರುವ ತಂಡವೊಂದು ಮೂರು ನಗರಗಳಲ್ಲಿ ಆಟ ಆಡಲಿದೆ ಎಂದಿಟ್ಟುಕೊಂಡರೆ, ಹತ್ತು ಮಂದಿಗೆ ಒಂದೇ ಮನವಿ ಸಾಕಾಗುತ್ತದೆ, ಏಕೆಂದರೆ 2024ರ ಏಪ್ರಿಲ್‌ನಿಂದ ಒಂದು ಮನವಿಯಲ್ಲಿ ಹೆಸರಿಸಬಹುದಾದವರ ಮಿತಿ 25. ಆದರೆ ಬಣ್ಣ, ವೇಷಭೂಷಣ ನೋಡಿಕೊಳ್ಳುವ ಇಬ್ಬರು ಅಗತ್ಯ ಸಹಾಯಕರೆಂಬ ವರ್ಗಕ್ಕೆ ಸೇರುವುದರಿಂದ ಅವರಿಗೆ ಪ್ರತ್ಯೇಕ ಮನವಿ ಬೇಕು. ಹೊರಡುವ ಮುನ್ನ ಚೆಂಡೆಯವರು ಕಾಯಿಲೆ ಬಿದ್ದರೆ ಸಂಘಟಕರು ದೂತಾವಾಸಕ್ಕೆ ಪತ್ರ ಬರೆದು ಬದಲಿ ಕಲಾವಿದರನ್ನು ಸೂಚಿಸಬಹುದು, ಆದರೆ ಸಹಾಯಕ ಸಿಬ್ಬಂದಿಯ ವಿಷಯದಲ್ಲಿ ಈ ಬದಲಾವಣೆಗೆ ಅವಕಾಶವಿಲ್ಲ.

ಮನವಿಯೊಂದಿಗೆ ಒಪ್ಪಂದದ ಪ್ರತಿ, ಮೂರೂ ಊರುಗಳ ದಿನಾಂಕ ಮತ್ತು ಸ್ಥಳಗಳ ವಿವರ, ಸಂಬಂಧಪಟ್ಟ ಅಮೆರಿಕದ ಕಾರ್ಮಿಕ ಸಂಘಟನೆಯ ಅಭಿಪ್ರಾಯಪತ್ರ, ಕಲೆಯ ವೈಶಿಷ್ಟ್ಯವನ್ನು ದೃಢಪಡಿಸುವ ತಜ್ಞರ ಹೇಳಿಕೆ ಅಥವಾ ಪತ್ರಿಕಾ ವಿಮರ್ಶೆಗಳು ಇರಬೇಕು. ‘ಕರ್ನಾಟಕ ಮಲ್ಲ’ದಂಥ ಮುಂಬಯಿಯ ಕನ್ನಡ ಪತ್ರಿಕೆಯ ತುಣುಕನ್ನು ಹಾಗೆಯೇ ಲಗತ್ತಿಸಿದರೆ ಪ್ರಯೋಜನವಿಲ್ಲ, ಪೂರ್ಣ ಇಂಗ್ಲಿಷ್ ಅನುವಾದವೂ, ಅದು ಸರಿಯಾಗಿದೆ ಮತ್ತು ಅನುವಾದಕರಿಗೆ ಎರಡೂ ಭಾಷೆ ಬರುತ್ತದೆ ಎಂಬ ಅವರದೇ ಸಹಿಯ ದೃಢೀಕರಣವೂ ಬೇಕು. ಇಷ್ಟಾಗಿ ಮನವಿ ಮಂಜೂರಾದರೂ ಅದು ವೀಸಾ ಅಲ್ಲ: ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಅರ್ಜಿ ಹಾಕಿ, ಮರಳಿ ಬರುವ ಮನೆ ಭಾರತದಲ್ಲಿದೆ ಎಂಬುದನ್ನು ಅಧಿಕಾರಿಗೆ ಮನವರಿಕೆ ಮಾಡಬೇಕಾಗುತ್ತದೆ.

ಪುರಾತನ ಶೈಲಿಯ ಪೌರಾಣಿಕ ಪ್ರಸಂಗಕ್ಕಷ್ಟೇ ಪಿ-3 ಸಿಗುತ್ತದೆ ಎಂಬ ಭಯದಿಂದ ಹೊಸ ಪ್ರಯೋಗಗಳನ್ನು ಕೈಬಿಡುವ ಅಗತ್ಯವೂ ಇಲ್ಲ. ಅರ್ಜೆಂಟೀನಾದ ಸಂಗೀತ ತಂಡವೊಂದನ್ನು ಕರೆಸಲು ಲಾಸ್ ಏಂಜಲೀಸ್‌ನ ಸ್ಕಿರ್ಬಾಲ್ ಸಾಂಸ್ಕೃತಿಕ ಕೇಂದ್ರ ಸಲ್ಲಿಸಿದ್ದ ಮನವಿ ಮೊದಲು ತಿರಸ್ಕೃತವಾಗಿತ್ತು. 2012ರಲ್ಲಿ ವಲಸೆ ಇಲಾಖೆಯ ಮೇಲ್ಮನವಿ ಕಚೇರಿ, ಎರಡು ಪರಂಪರೆಗಳು ಬೆರೆತ ಕಲೆಯೂ ಸಾಂಸ್ಕೃತಿಕವಾಗಿ ವಿಶಿಷ್ಟವಾಗಬಹುದೆಂದು ತೀರ್ಪಿತ್ತಿತು. ಆ ವೈಶಿಷ್ಟ್ಯವನ್ನು ದಾಖಲೆಗಳಿಂದ ತೋರಿಸುವ ಹೊಣೆ ಮಾತ್ರ ಸಂಘಟಕರದೇ.

ತಂಡದೊಂದಿಗೆ ಉಪನ್ಯಾಸಕ್ಕೆಂದು ಹೊರಡುವ ವಿದ್ವಾಂಸರ ನಿಯಮ ಬೇರೆ. ಬಿ-1 ವೀಸಾದಲ್ಲಿ ಗೌರವಧನ ಪಡೆಯಬಹುದೆಂಬುದು ನಿಜವಾದರೂ, ಅದು ವಿಶ್ವವಿದ್ಯಾಲಯ ಮತ್ತು ಲಾಭರಹಿತ ಸಂಶೋಧನಾ ಸಂಸ್ಥೆಯಂಥವುಗಳಿಗೆ ಸೀಮಿತವಾಗಿದ್ದು, ಒಂದು ಸಂಸ್ಥೆಯಲ್ಲಿ 9 ದಿನಕ್ಕೆ ಮೀರದಂತೆ, 6 ತಿಂಗಳಲ್ಲಿ 5 ಸಂಸ್ಥೆಗಳಿಗೆ ಮೀರದಂತೆ ಇರಬೇಕು. ಭಾಷಾ ಸಂಘವಾದ ಕನ್ನಡ ಕೂಟ ಸಾಮಾನ್ಯವಾಗಿ ಈ ವರ್ಗಕ್ಕೆ ಸೇರದ ಕಾರಣ, ಅಲ್ಲಿ ಉಪನ್ಯಾಸಕರು ಪ್ರಯಾಣ ಮತ್ತು ವಸತಿಯ ವೆಚ್ಚಕ್ಕೆ ತೃಪ್ತರಾಗಬೇಕು.

ಕಲಾವಿದರು ವಿಮಾನದಿಂದಿಳಿದೊಡನೆ ಸಂಘಟಕರ ಕಾನೂನು ಹೊಣೆ ಮುಗಿಯಿತು ಎಂಬ ನಂಬಿಕೆಯೂ ತಪ್ಪು. ಪಿ-3 ಕಲಾವಿದರ ಕೆಲಸವನ್ನು ಅವಧಿಗೆ ಮುನ್ನವೇ ನಿಲ್ಲಿಸಿದರೆ, ಮತ್ತು ಕಲಾವಿದರು ಸ್ವಇಚ್ಛೆಯಿಂದ ಬಿಟ್ಟಿಲ್ಲದಿದ್ದರೆ, ಅವರನ್ನು ಸ್ವದೇಶಕ್ಕೆ ಮರಳಿಸುವ ಸಮಂಜಸ ವೆಚ್ಚವನ್ನು ಕೆಲಸ ಕೊಟ್ಟವರೂ ಮನವಿ ಸಲ್ಲಿಸಿದವರೂ ಜಂಟಿಯಾಗಿ ಭರಿಸಬೇಕು. ಟಿಕೇಟು ಖರ್ಚಾಗದೆ ಮೂರನೆಯ ಊರಿನ ಆಟ ರದ್ದಾಗಿ ಕರಾರು ಅಲ್ಲಿಗೇ ಮುಗಿದರೆ ಈ ನಿಯಮವೇ ಅನ್ವಯವಾಗುವುದರಿಂದ, ಡೊಂಬಿವಲಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕುವವರು ಮರುಪ್ರಯಾಣದ ಹಣ ಯಾರದೆಂಬ ಸಾಲು ಅದರಲ್ಲಿದೆಯೇ ಎಂದು ನೋಡಿಕೊಳ್ಳಬೇಕು.