ಒಂದು ರಾತ್ರಿಯಲ್ಲಿ ಬಂದ 1.7 ಕಿಲೊ

ಡಿಸೆಂಬರ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಅಬ್ಬಾ ತೂಕದ ಯಂತ್ರದಿಂದ ಇಳಿದವರೇ ಅದನ್ನು ಕಾಲಿನಿಂದ ಮಂಚದ ಅಡಿಗೆ ತಳ್ಳಿದರು. "ಇನ್ನು ಇದು ಬೇಡ. ಒಂದು ತಿಂಗಳು ಸಕ್ಕರೆ ಇಲ್ಲದ ಚಹಾ ಕುಡಿದದ್ದು ಒಂದು ವಲೀಮಾ ಊಟಕ್ಕೆ ಹೋಯಿತು" ಎಂದರು. ಭಾನುವಾರ ಬೆಳಿಗ್ಗೆ ಅವರ ತೂಕ 83.4 ಕಿಲೊ ಇತ್ತು. ಅದೇ ದಿನ ಕುಂದಾಪುರದಲ್ಲಿ ನಮ್ಮ ಸಂಬಂಧಿಕರ ಮನೆಯ ವಲೀಮಾ. ಸೋಮವಾರ ಬೆಳಿಗ್ಗೆ ಯಂತ್ರ ತೋರಿಸಿದ್ದು 85.1.

ಅಬ್ಬಾ ತೂಕ ನೋಡಲು ಶುರು ಮಾಡಿದ್ದು ಹವ್ಯಾಸಕ್ಕಲ್ಲ. ಅಕ್ಟೋಬರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ 6.3 ಬಂದಿತ್ತು. 6.5 ಮುಟ್ಟಿದರೆ ಅದಕ್ಕೆ ಸಕ್ಕರೆ ಕಾಯಿಲೆ ಎಂದೇ ಹೆಸರು. ಹೊಟ್ಟೆ ಕರಗಿಸಿ ಎಂದು ಡಾಕ್ಟರು ಹೇಳಿದ್ದರು. ಅಬ್ಬಾ ಎರಡು ಬದಲಾವಣೆ ಮಾಡಿಕೊಂಡರು. ದಿನಕ್ಕೆ ಐದು ಲೋಟ ಚಹಾದಲ್ಲಿ ಹೋಗುತ್ತಿದ್ದ ಹತ್ತು ಚಮಚ ಸಕ್ಕರೆ ನಿಂತಿತು. ಫಜರ್ ನಮಾಜಿನ ನಂತರ ಹಾಲಾಡಿಯಿಂದ ಶಂಕರನಾರಾಯಣ ರಸ್ತೆಯಲ್ಲಿ ಅರ್ಧ ಗಂಟೆ ನಡೆಯತೊಡಗಿದರು. ಈಗ ಯಂತ್ರ ಮಂಚದ ಅಡಿಗೆ ಹೋದರೆ ಇವೆರಡೂ ಅದರ ಹಿಂದೆಯೇ ಹೋಗುತ್ತವೆ ಎಂದು ನನಗೆ ಗೊತ್ತಿತ್ತು. ಹಾಗಾಗಿ ಅವತ್ತು ಸಂಜೆ ಒಂದು ಹಾಳೆ ತೆಗೆದುಕೊಂಡು ಆ 1.7 ಕಿಲೊ ಏನೆಂದು ಲೆಕ್ಕ ಹಾಕಲು ಕುಳಿತೆ.

ಮೊದಲು, ಅದು ಪೂರ್ತಿ ಕೊಬ್ಬಾಗಿರಲು ಸಾಧ್ಯವೇ ಎಂದು ನೋಡಿದೆ. ದೇಹದ ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. 1.7 ಕಿಲೊ ಆಗಬೇಕಾದರೆ ದಿನದ ಅಗತ್ಯಕ್ಕಿಂತ 13,000 ಕ್ಯಾಲೊರಿ ಹೆಚ್ಚು ತಿನ್ನಬೇಕು. ದೊಡ್ಡ ಪ್ಲೇಟ್ ಬಿರಿಯಾನಿಗೆ 800 ಎಂದು ಹಿಡಿದರೂ ಅದು 16 ಪ್ಲೇಟ್. ಅಬ್ಬಾ ತಿಂದದ್ದು ಒಂದೂವರೆ ಪ್ಲೇಟ್, ಜೊತೆಗೆ ಮೀಠಾ, ಎರಡು ಗ್ಲಾಸ್ ಶರಬತ್ತು. ಹೆಚ್ಚುವರಿ ಎಂದರೆ ಅಂದಾಜು 1,500 ಕ್ಯಾಲೊರಿ. ಅದೆಲ್ಲವೂ ಕೊಬ್ಬಾದರೂ 0.2 ಕಿಲೊ ದಾಟುವುದಿಲ್ಲ. ಉಳಿದ ಒಂದೂವರೆ ಕಿಲೊ ಬೇರೆ ಏನೋ ಆಗಿರಬೇಕು.

ಆ ಬೇರೆಯದರಲ್ಲಿ ಮೊದಲನೆಯದು ಉಪ್ಪು ಹಿಡಿದಿಟ್ಟ ನೀರು. ರಕ್ತದಲ್ಲಿ ಉಪ್ಪಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಬೇಕು. ಆಸ್ಪತ್ರೆಯಲ್ಲಿ ಹಾಕುವ ಸಲೈನ್ ಬಾಟಲಿಯಲ್ಲಿ ಲೀಟರಿಗೆ 9 ಗ್ರಾಂ ಉಪ್ಪು ಇರುವುದು ಅದಕ್ಕೇ. ಔತಣದ ಊಟದಲ್ಲಿ ಐದಾರು ಗ್ರಾಂ ಉಪ್ಪು ಹೆಚ್ಚಾಗಿ ಒಳಗೆ ಹೋದರೆ, ಮೂತ್ರಪಿಂಡ ಅದನ್ನು ಹೊರಹಾಕುವ ತನಕ ಅರ್ಧ ಲೀಟರಿಗಿಂತ ಹೆಚ್ಚು ನೀರನ್ನು ದೇಹ ಇಟ್ಟುಕೊಳ್ಳುತ್ತದೆ. ಬಾಯಾರಿಕೆಯಾಗಿ ನಾವೇ ಆ ನೀರನ್ನು ಕುಡಿದಿರುತ್ತೇವೆ. ಎರಡನೆಯದು ಅನ್ನ ಮತ್ತು ಸಿಹಿಯಿಂದ ಬರುವ ಗ್ಲೈಕೋಜನ್. ಇದು ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಡುವ ಪಿಷ್ಟ. ಒಂದು ಗ್ರಾಂ ಗ್ಲೈಕೋಜನ್ ಕುಳಿತರೆ ಅದರ ಜೊತೆ ಸುಮಾರು 3 ಗ್ರಾಂ ನೀರೂ ಕುಳಿತುಕೊಳ್ಳುತ್ತದೆ. ಮೂರನೆಯದು ಇನ್ನೂ ಹೊಟ್ಟೆ ಮತ್ತು ಕರುಳಿನಲ್ಲೇ ಇರುವ ಊಟ. ನನ್ನ ಅಂದಾಜು ಪಟ್ಟಿ ಹೀಗಾಯಿತು: ಉಪ್ಪಿನ ನೀರು 0.6, ಗ್ಲೈಕೋಜನ್ ಮತ್ತು ಅದರ ನೀರು 0.4, ಕರುಳಿನಲ್ಲಿರುವುದು 0.5, ಕೊಬ್ಬು ಹೆಚ್ಚೆಂದರೆ 0.2. ಒಟ್ಟು 1.7.

ಅಬ್ಬಾ ಅಂಗಡಿ ನಡೆಸುವವರು. ಅವರಿಗೆ ನಾನು ಹೀಗೆ ವಿವರಿಸಿದೆ: "ಪಾಸ್‌ಬುಕ್ಕಿನಲ್ಲಿ ಹಣ ಜಾಸ್ತಿ ತೋರಿಸುತ್ತಿದೆ ಎಂದ ಮಾತ್ರಕ್ಕೆ ಅದು ನಿಮ್ಮದಲ್ಲ ಅಬ್ಬಾ. ನೀವು ಕೊಟ್ಟ ಚೆಕ್ ಇನ್ನೂ ಪಾಸಾಗಿಲ್ಲ, ಅಷ್ಟೇ." ನಾವು ಅಕೌಂಟೆನ್ಸಿಯಲ್ಲಿ ಮಾಡುವ ಬ್ಯಾಂಕ್ ರಿಕನ್ಸಿಲಿಯೇಶನ್ ಇದೇ ಅಲ್ಲವೇ? ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ ಹಲವು ಸಲ ನಷ್ಟದಿಂದ ಬಂದದ್ದಲ್ಲ, ಸಮಯದಿಂದ ಬಂದದ್ದು. ನೀರು ಪಾಸಾಗದ ಚೆಕ್. ಕೆಲವು ದಿನಗಳಲ್ಲಿ ತಾನಾಗಿ ಪಾಸಾಗುತ್ತದೆ.

ಅಬ್ಬಾ ಯಂತ್ರವನ್ನು ಹೊರಗೆ ತೆಗೆದರು. ಆದರೆ ಈ ಸಲ ನಿಯಮ ಹಾಕಿಕೊಂಡೆವು. ಯಂತ್ರ ಹಾಸಿನ ಮೇಲಲ್ಲ, ಸಿಮೆಂಟ್ ನೆಲದ ಒಂದೇ ಜಾಗದಲ್ಲಿ ಇರಬೇಕು. ಎದ್ದು ಶೌಚ ಮುಗಿಸಿ, ನೀರು ಕುಡಿಯುವ ಮೊದಲು, ಒಂದೇ ಬಗೆಯ ಬಟ್ಟೆಯಲ್ಲಿ ನಿಲ್ಲಬೇಕು. ಯಂತ್ರ ಸರಿ ಇದೆಯೇ ಎಂದು ತಿಳಿಯಲು ಅಂಗಡಿಯ ಮುದ್ರೆ ಹಾಕಿದ 5 ಕಿಲೊ ತೂಕದ ಕಲ್ಲು ಎರಡನ್ನು ಹಿಡಿದು ನಿಂತೆವು. ಸರಿಯಾಗಿ 10 ಕಿಲೊ ಹೆಚ್ಚಾಗಬೇಕು, ಆಯಿತು. ಮುಖ್ಯ ನಿಯಮವೆಂದರೆ, ದಿನದ ಅಂಕಿ ಬರೆಯುವುದಕ್ಕೆ ಮಾತ್ರ, ತೀರ್ಮಾನಕ್ಕೆ ವಾರದ ಸರಾಸರಿ. ಕಾಲೇಜಿನ ಕಂಪ್ಯೂಟರಿನಲ್ಲಿ ಇದು ಒಂದೇ ಸಾಲು:

```
=AVERAGE(B2:B8)
```

ಆ ವಾರಗಳ ಅಂಕಿಗಳನ್ನು ನೋಡಿ, ಸೋಮವಾರದಿಂದ ಭಾನುವಾರದವರೆಗೆ.

ಮದುವೆಗೆ ಮೊದಲಿನ ವಾರ: 83.9, 83.5, 83.8, 83.2, 83.6, 83.3, 83.4. ಸರಾಸರಿ 83.5.
ಮದುವೆಯ ನಂತರದ ವಾರ: 85.1, 84.6, 84.0, 83.6, 83.3, 83.1, 82.9. ಸರಾಸರಿ 83.8.
ಅದರ ಮುಂದಿನ ವಾರ: 83.1, 82.8, 83.0, 82.7, 83.2, 82.6, 82.9. ಸರಾಸರಿ 82.9.

ಎರಡನೆಯ ವಾರದ ಸರಾಸರಿ ಏರಿದೆ ಎಂಬುದನ್ನು ಗಮನಿಸಿ. ಸರಾಸರಿ ತೆಗೆದರೆ ಎಲ್ಲ ಸರಿಯಾಗುತ್ತದೆ ಎಂದು ನಾನು ಅಂದುಕೊಂಡಿದ್ದೆ, ಅದು ತಪ್ಪು. ದೊಡ್ಡ ಔತಣದ ನೀರು ಇಡೀ ವಾರದ ಸರಾಸರಿಯನ್ನೂ ಎತ್ತಿಬಿಡುತ್ತದೆ. ಹಾಗಾಗಿ ಒಂದು ವಾರವನ್ನು ಪಕ್ಕದ ವಾರದ ಜೊತೆ ಹೋಲಿಸಿ ತೀರ್ಪು ಕೊಡಬಾರದು. ಮೂರು ನಾಲ್ಕು ವಾರಗಳ ಸರಾಸರಿಗಳನ್ನು ಸಾಲಾಗಿ ನೋಡಬೇಕು. ಮೊದಲ ವಾರದಿಂದ ಮೂರನೆಯ ವಾರಕ್ಕೆ 0.6 ಕಿಲೊ ಇಳಿದಿದೆ, ಅಂದರೆ ವಾರಕ್ಕೆ 0.3.

ಇದನ್ನು ಇನ್ನೊಂದು ಕಡೆಯಿಂದಲೂ ತಾಳೆ ನೋಡಬಹುದು. ಬಿಟ್ಟ ಸಕ್ಕರೆ ದಿನಕ್ಕೆ ಸುಮಾರು 50 ಗ್ರಾಂ, ಅದು 200 ಕ್ಯಾಲೊರಿ. ನಡಿಗೆಗೆ 130 ಎಂದು ಹಿಡಿದರೆ ವಾರಕ್ಕೆ ಒಟ್ಟು 2,310. ಅದನ್ನು 7,700ರಿಂದ ಭಾಗಿಸಿದರೆ 0.3 ಕಿಲೊ. ಎರಡೂ ಪುಸ್ತಕ ತಾಳೆಯಾಯಿತು. ಎಲ್ಲವೂ ಅಂದಾಜೇ, ಆದರೂ ಇಂಥ ತಾಳೆಯಿಂದ ಒಂದು ಅನುಕೂಲವಿದೆ: ಯಾರಾದರೂ ವಾರಕ್ಕೆ ಮೂರು ಕಿಲೊ ಕೊಬ್ಬು ಇಳಿಸಿದೆ ಎಂದರೆ, ಅದರಲ್ಲಿ ಹೆಚ್ಚಿನದು ನೀರು ಎಂದು ಕೂಡಲೇ ತಿಳಿಯುತ್ತದೆ.

ಜನವರಿಯಲ್ಲಿ ಬೇರೆ ತೊಂದರೆ ಬಂತು. ತಿಂಗಳ ಮೊದಲ ವಾರದ ಸರಾಸರಿ 82.3, ಫೆಬ್ರವರಿ ಮೊದಲ ವಾರದ್ದು 82.0. ನಾಲ್ಕು ವಾರಕ್ಕೆ ಬರೀ 0.3 ಕಿಲೊ. ಇದು ಔತಣದ ಏರಿಳಿತ ಅಲ್ಲ, ಸರಾಸರಿಯೇ ನಿಂತುಬಿಟ್ಟಿತ್ತು. ಆದರೆ ಅದೇ ತಿಂಗಳಲ್ಲಿ ಹೊಟ್ಟೆಯ ಸುತ್ತಳತೆ 98 ಸೆಂಟಿಮೀಟರಿನಿಂದ 96.5ಕ್ಕೆ ಇಳಿದಿತ್ತು. ಜನವರಿಯಲ್ಲಿ ಅಬ್ಬಾ ಬಸ್ಕಿ ಹೊಡೆಯಲು, ನೀರು ತುಂಬಿದ ಬಕೆಟ್ ಎತ್ತಿ ಇಳಿಸಲು ಶುರು ಮಾಡಿದ್ದರು. ಹೊಸದಾಗಿ ಇಂಥ ಕೆಲಸಕ್ಕೆ ಇಳಿದ ಸ್ನಾಯುಗಳು ನೋಯುವಾಗ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ಗ್ಲೈಕೋಜನನ್ನೂ ಹೆಚ್ಚು ಕೂಡಿಡುತ್ತವೆ. ಒಂದು ಕಡೆ ಕೊಬ್ಬು ಇಳಿಯುತ್ತಿದ್ದರೂ ಇನ್ನೊಂದು ಕಡೆ ನೀರು ತುಂಬಿ ತೂಕ ನಿಂತಲ್ಲೇ ನಿಂತಂತೆ ಕಾಣುತ್ತದೆ. ಟೇಪ್ ಇಲ್ಲದಿದ್ದರೆ ನಮಗೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ತೂಕವೊಂದೇ ಸಾಲದು ಎಂಬುದಕ್ಕೆ ಪ್ರಸಿದ್ಧ ಉದಾಹರಣೆಯೊಂದಿದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೊ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕ ಹೇಳುವ ಬಿಎಂಐ ಇಬ್ಬರದೂ 22.3. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಿಗೆ ಶೇಕಡಾ 9.1, ಯಾಜ್ಞಿಕ್ ಅವರಿಗೆ ಶೇಕಡಾ 21.2. ನಮ್ಮ ದೇಶದವರಿಗೆ ಕಡಿಮೆ ತೂಕದಲ್ಲೇ ಕೊಬ್ಬು ಹೆಚ್ಚಿರುತ್ತದೆ, ಅದೂ ಹೊಟ್ಟೆಯ ಸುತ್ತ. ಅದಕ್ಕೇ ಭಾರತೀಯರಿಗೆ ಸುತ್ತಳತೆಯ ಮಿತಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಂದು ಇಟ್ಟಿದ್ದಾರೆ. ಅಳೆಯುವುದು ಪ್ಯಾಂಟ್ ಕಟ್ಟುವ ಜಾಗದಲ್ಲಲ್ಲ. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಎಲುಬಿನ ಮೇಲಂಚು, ಇವೆರಡರ ನಡುಮಧ್ಯೆ, ಉಸಿರು ಸಹಜವಾಗಿ ಬಿಟ್ಟ ನಂತರ. ನಾವು ಮೂರು ಸಲ ಅಳೆದು ಮಧ್ಯದ ಅಂಕಿ ಬರೆಯುತ್ತಿದ್ದೆವು. ಟೇಪಿನಲ್ಲೂ ಒಂದು ಸೆಂಟಿಮೀಟರ್ ಆಚೀಚೆ ಆಗುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಸಾಕು.

ಕೊಬ್ಬಿನ ಶೇಕಡಾವಾರು ತೋರಿಸುವ ಯಂತ್ರ ಇದೆಯಲ್ಲ ಎಂದು ಕೆಲವರು ಕೇಳಬಹುದು. ನನ್ನ ಅಣ್ಣನೊಬ್ಬನ ಮನೆಯಲ್ಲಿ ಅಂಥದ್ದಿದೆ. ಅದು ಕೊಬ್ಬನ್ನು ನೇರವಾಗಿ ಅಳೆಯುವುದಿಲ್ಲ. ಒಂದು ಪಾದದಿಂದ ಇನ್ನೊಂದಕ್ಕೆ ಸಣ್ಣ ವಿದ್ಯುತ್ ಹರಿಸಿ, ಎಷ್ಟು ತಡೆ ಸಿಕ್ಕಿತು ಎಂದು ನೋಡುತ್ತದೆ. ನೀರಿರುವ ಸ್ನಾಯುವಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಇಲ್ಲ. ದೇಹದಲ್ಲಿ ನೀರು ಕಡಿಮೆಯಾದರೆ ತಡೆ ಹೆಚ್ಚಿ, ಯಂತ್ರ ಅದನ್ನು ಕೊಬ್ಬು ಎಂದು ಓದಿಬಿಡುತ್ತದೆ. ಅಂದರೆ ನಾವು ಯಾವ ನೀರಿನ ಗದ್ದಲದಿಂದ ತಪ್ಪಿಸಿಕೊಳ್ಳಬೇಕೆಂದಿದ್ದೆವೋ ಅದೇ ಇಲ್ಲೂ ಇದೆ. ಇಂದು 29, ನಾಳೆ 31 ಎಂದರೆ ಹೆದರಬೇಕಿಲ್ಲ. ಒಂದೇ ಯಂತ್ರದಲ್ಲಿ, ಒಂದೇ ಹೊತ್ತಿನಲ್ಲಿ, ತಿಂಗಳುಗಟ್ಟಲೆ ನೋಡಿದ ದಿಕ್ಕಿಗೆ ಮಾತ್ರ ಸ್ವಲ್ಪ ಬೆಲೆ.

ರಮ್ಜಾನಿನಲ್ಲಿ ಊಟ ಮತ್ತು ನೀರಿನ ಹೊತ್ತೇ ಬದಲಾಗುವುದರಿಂದ ಆ ತಿಂಗಳ ಅಂಕಿಗಳನ್ನು ಬೇರೆ ತಿಂಗಳ ಜೊತೆ ಹೋಲಿಸಲಿಲ್ಲ. ಮೊದಲ ಐದು ದಿನಗಳಲ್ಲೇ 1.3 ಕಿಲೊ ಇಳಿಯಿತು, ಅದೂ ಬಹುಪಾಲು ನೀರೇ. ಏರಿದಾಗ ನೀರು ಎಂದ ಮೇಲೆ ಇಳಿದಾಗಲೂ ನೀರು ಎನ್ನಬೇಕಲ್ಲ. ರಮ್ಜಾನಿಗೆ ಮೊದಲಿನ ವಾರ ಮತ್ತು ಈದಿನ ನಂತರದ ಎರಡನೆಯ ವಾರ, ಇವೆರಡನ್ನೇ ಹೋಲಿಸಿದೆವು: 81.5 ಮತ್ತು 80.6. ಇದೇ ರೀತಿ ಹೆಣ್ಣುಮಕ್ಕಳಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಒಂದೆರಡು ಕಿಲೊ ನೀರು ಸೇರುವುದುಂಟು. ಅವರು ಈ ವಾರವನ್ನು ಕಳೆದ ವಾರದ ಜೊತೆಗಲ್ಲ, ಹಿಂದಿನ ತಿಂಗಳ ಅದೇ ದಿನಗಳ ಜೊತೆ ಹೋಲಿಸಬೇಕು.

ಎರಡು ಎಚ್ಚರಿಕೆ ಹೇಳಬೇಕು. ಕೆಲವೇ ದಿನಗಳಲ್ಲಿ ಎರಡು ಕಿಲೊ ಏರಿ, ಇಳಿಯದೆ, ಕಾಲು ಬಾತು ಉಸಿರು ಕಟ್ಟುತ್ತಿದ್ದರೆ ಅದೂ ನೀರೇ, ಆದರೆ ಹೃದಯ ಅಥವಾ ಮೂತ್ರಪಿಂಡದ ತೊಂದರೆಯ ನೀರು. ಅಂಥವರು ಸರಾಸರಿಗೆ ಕಾಯದೆ ಡಾಕ್ಟರ ಹತ್ತಿರ ಹೋಗಬೇಕು. ಇನ್ನೊಂದು, ನಮ್ಮ ವಯಸ್ಸಿನವರು ಇನ್ನೂ ಬೆಳೆಯುತ್ತಿರುವುದರಿಂದ ಈ ಲೆಕ್ಕ ನಮಗೆ ಹೊಂದುವುದಿಲ್ಲ. ಇದು ಮನೆಯ ದೊಡ್ಡವರಿಗೆ.

ನವೆಂಬರಿನಲ್ಲಿ ಅಬ್ಬಾನ ಸರಾಸರಿ 84.9 ಕಿಲೊ, ಹೊಟ್ಟೆ 101 ಸೆಂಟಿಮೀಟರ್. ಏಪ್ರಿಲಿನಲ್ಲಿ 80.6 ಮತ್ತು 95. ಎಚ್‌ಬಿಎ1ಸಿ 6.3ರಿಂದ 5.9ಕ್ಕೆ ಬಂದಿದೆ. ಇನ್ನೂ 90 ಸೆಂಟಿಮೀಟರಿಗೆ ಐದು ಬಾಕಿ ಇದೆ. ಈದಿನ ಮರುದಿನ ಬೆಳಿಗ್ಗೆ ಯಂತ್ರ ಮತ್ತೆ ಒಂದೂವರೆ ಕಿಲೊ ಹೆಚ್ಚು ತೋರಿಸಿತು. ಅಬ್ಬಾ ಪುಸ್ತಕದಲ್ಲಿ ಅಂಕಿ ಬರೆದು, ಪಕ್ಕದಲ್ಲಿ "ಚೆಕ್ ಪಾಸಾಗಿಲ್ಲ" ಎಂದು ಬರೆದು, ನಡೆಯಲು ಹೊರಟರು.