ಮಾತ್ರೆಯ ಬೆಲೆಗೆ ಸೇರದ ಕೆರೆ

ಬೀದರ್ ಕಡೆಯವರಿಗೆ ಪಟಾಂಚೆರು ಹೊಸ ಊರಲ್ಲ. ಜಹೀರಾಬಾದ್ ದಾಟಿ ಹೈದರಾಬಾದಿಗೆ ಹೋಗುವ ಹೆದ್ದಾರಿ ಅದರ ಮೂಲಕವೇ ಹಾಯುತ್ತದೆ. ಐದು ದಶಕಗಳಿಂದ ಬೆಳೆಯುತ್ತ ಬಂದ ಇಲ್ಲಿನ ಕೈಗಾರಿಕಾ ವಸಾಹತಿನಲ್ಲಿ ಔಷಧಿ ಕಾರ್ಖಾನೆಗಳದ್ದೇ ದೊಡ್ಡ ಪಾಲು. ಸುಮಾರು 90 ಕಾರ್ಖಾನೆಗಳ ಹೊಲಸು ನೀರನ್ನು ಒಂದೆಡೆ ಸೇರಿಸಿ ಶುದ್ಧಿ ಮಾಡುವ ಘಟಕವೂ ಅಲ್ಲಿತ್ತು. ಸ್ವೀಡನ್ನಿನ ವಿಜ್ಞಾನಿ ಯೋಆಕಿಮ್ ಲಾರ್ಸನ್ ಮತ್ತು ಸಂಗಡಿಗರು ಆ ಘಟಕದಿಂದ ಹೊರಬರುವ ನೀರನ್ನು ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಒಂದು ಲೀಟರಿನಲ್ಲಿ 31 ಮಿಲಿಗ್ರಾಂವರೆಗೆ ಸಿಕ್ಕಿತ್ತು. ಅಂದರೆ ಡಾಕ್ಟರು ಬರೆದುಕೊಡುವ 500 ಮಿಲಿಗ್ರಾಂ ಮಾತ್ರೆಯೊಂದರಷ್ಟು ಔಷಧಿ ಹದಿನಾರೇ ಲೀಟರ್ ನೀರಿನಲ್ಲಿ. ಅದೂ ಶುದ್ಧಿಯಾದ ನೀರು!

2009ರಲ್ಲಿ ಬಂದ ಇನ್ನೊಂದು ವರದಿ ಸುತ್ತಲಿನ ಎರಡು ಕೆರೆಗಳ ನೀರನ್ನೂ ನೋಡಿತು. ಅಲ್ಲಿ ಇದೇ ಔಷಧಿ ಲೀಟರಿಗೆ 6.5 ಮಿಲಿಗ್ರಾಂವರೆಗೆ ಇತ್ತು. ಘಟಕ ಬಿಡುವ ನೀರಷ್ಟೇ ಇದಕ್ಕೆ ಕಾರಣವಲ್ಲ, ಸರಿಯಾಗಿ ಶುದ್ಧಿಯಾಗದ ತ್ಯಾಜ್ಯ ಬೇರೆ ದಾರಿಗಳಿಂದಲೂ ಬರುತ್ತಿದೆ ಎಂದು ವರದಿ ಹೇಳಿತು. ಹಳ್ಳಿಗಳ ಬಾವಿ ನೀರಿನಲ್ಲೂ ಔಷಧಿಯ ಅಂಶ ಸಿಕ್ಕಿತು.

ಇದನ್ನು ಓದಿದಾಗ ಕಾರ್ಖಾನೆಯವರನ್ನು ದುರುಳರೆಂದು ಬೈದು ಮುಗಿಸುವುದು ಸುಲಭ. ಅರ್ಥಶಾಸ್ತ್ರ ಕೇಳುವ ಪ್ರಶ್ನೆ ಬೇರೆ. ಸಾಧಾರಣ ಮನುಷ್ಯನೊಬ್ಬ, ದುರುಳನಲ್ಲದವನು, ಆ ಕಾರ್ಖಾನೆಯ ಮಾಲೀಕನಾಗಿದ್ದರೆ ಏನು ಮಾಡುತ್ತಿದ್ದ?

ಲೆಕ್ಕಕ್ಕೆ ಒಂದು ಕಾರ್ಖಾನೆ ಊಹಿಸಿಕೊಳ್ಳೋಣ. ಒಂದು ಕಿಲೋ ಔಷಧಿ ತಯಾರಿಸಲು ಅವನಿಗೆ 2,000 ರೂಪಾಯಿ ಖರ್ಚು, ಮಾರುವುದು 2,300ಕ್ಕೆ. ಕಿಲೋಗೆ 300 ಲಾಭ. ಕಚ್ಚಾವಸ್ತು, ಕೂಲಿ, ಕರೆಂಟು, ಬ್ಯಾಂಕಿನ ಬಡ್ಡಿ ಎಲ್ಲವೂ ಆ ಎರಡು ಸಾವಿರದೊಳಗೆ ಬಂತು. ಕೆರೆಗೆ ಬಿಟ್ಟ ನೀರು ಬರಲಿಲ್ಲ, ಅದಕ್ಕೆ ಯಾರೂ ಬಿಲ್ಲು ಕಳಿಸುವುದಿಲ್ಲವಲ್ಲ. ಆದರೆ ಅಚ್ಚುಕಟ್ಟಿನ ಭತ್ತ ಸೊರಗಿತು, ಮೀನು ಸತ್ತವು, ದನಗಳಿಗೆ ನೀರು ಕುಡಿಸಲು ದೂರ ಹೊಡೆದುಕೊಂಡು ಹೋಗಬೇಕಾಯಿತು, ಕುಡಿಯುವ ನೀರಿಗೆ ಟ್ಯಾಂಕರ್ ತರಿಸಬೇಕಾಯಿತು. ಇದೆಲ್ಲ ಸೇರಿ ಕಿಲೋ ಒಂದಕ್ಕೆ 500 ರೂಪಾಯಿ ನಷ್ಟ ಊರಿನ ತಲೆಗೆ ಬಿತ್ತೆನ್ನಿ. ಆಗ ಕಾರ್ಖಾನೆ 300 ಗಳಿಸಲು ಊರು 500 ಕಳೆದುಕೊಂಡಿತು. ಎರಡನ್ನೂ ಕೂಡಿಸಿದರೆ ಪ್ರತಿ ಕಿಲೋಗೂ 200 ರೂಪಾಯಿ ಲುಕ್ಸಾನು. ಆದರೂ ಆಡಿಟರ್ ಬರೆಯುವುದು ಲಾಭ ಎಂದೇ.

ಕೊಡುವವನಿಗೂ ಕೊಳ್ಳುವವನಿಗೂ ಸಂಬಂಧವಿಲ್ಲದ ಮೂರನೆಯವನ ಮೇಲೆ ಹೀಗೆ ಬೀಳುವ ಹೊರೆಗೆ ಅರ್ಥಶಾಸ್ತ್ರದಲ್ಲಿ ಬಾಹ್ಯ ಪರಿಣಾಮ ಎನ್ನುತ್ತಾರೆ. ಕೊಳೆ ತೆಗೆಯಲು ಕಿಲೋಗೆ 150 ರೂಪಾಯಿ ಸಾಕು ಎಂದುಕೊಳ್ಳಿ. 150 ಖರ್ಚು ಮಾಡಿದರೆ 500ರ ನಷ್ಟ ತಪ್ಪುತ್ತದೆ, ಕಾರ್ಖಾನೆಗೂ 150 ಲಾಭ ಉಳಿಯುತ್ತದೆ, ಯಾರೂ ಬಾಗಿಲು ಹಾಕಬೇಕಿಲ್ಲ. ಇಷ್ಟಾದರೂ ನಮ್ಮ ಸಾಧಾರಣ ಮಾಲೀಕ ಅದನ್ನು ಮಾಡುವುದಿಲ್ಲ. ಖರ್ಚು ಅವನದು, ಉಳಿತಾಯ ಊರಿನದು. ಪಕ್ಕದ ಕಾರ್ಖಾನೆಯವನು ಮಾಡದೆ ಇದ್ದರೆ ಬೆಲೆ ಇಳಿಸಿ ಗಿರಾಕಿಯನ್ನು ಅವನೇ ಎಳೆದುಕೊಳ್ಳುತ್ತಾನೆ. ಕೊಳ್ಳುವವನು ಬೆಲೆ ನೋಡುತ್ತಾನೆ, ಬೆಲೆಯಲ್ಲಿ ಕೆರೆ ಇಲ್ಲ. ಎಲ್ಲರೂ ತಮ್ಮ ತಮ್ಮ ಲೆಕ್ಕ ಸರಿಯಾಗಿ ಹಾಕಿಯೂ ಒಟ್ಟು ಲೆಕ್ಕ ತಪ್ಪುವ ಈ ಸ್ಥಿತಿಯೇ ಮಾರುಕಟ್ಟೆಯ ವೈಫಲ್ಯ.

ಇದಕ್ಕೆ ಮದ್ದು ಹೇಳಿದವರಲ್ಲಿ ಮೊದಲಿಗ ಕೇಂಬ್ರಿಡ್ಜಿನ ಆರ್ಥರ್ ಪಿಗೂ. ಊರಿಗಾದ ನಷ್ಟದಷ್ಟೇ ತೆರಿಗೆಯನ್ನು ಕಾರ್ಖಾನೆಯ ಮೇಲೆ ಹಾಕಿ ಎಂಬುದು 1920ರ ಅವನ ಪುಸ್ತಕದ ವಾದ. ಕೊಳೆ ಬಿಟ್ಟರೆ 500 ತೆರಿಗೆ, ತೆಗೆದರೆ 150 ಖರ್ಚು ಎಂದಾದ ಮೇಲೆ ಮಾಲೀಕನಿಗೆ ಯಾರ ಉಪದೇಶವೂ ಬೇಕಾಗುವುದಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ತೆರಿಗೆ ಕೊಳೆಯ ಮೇಲೆ ಬೀಳಬೇಕು, ಔಷಧಿಯ ಮೇಲಲ್ಲ. ಕಿಲೋ ಲೆಕ್ಕದಲ್ಲಿ ಎಲ್ಲರಿಗೂ ಒಂದೇ ಸಮ ಹಾಕಿದರೆ ಶುದ್ಧಿ ಮಾಡಿದವನೂ ಮಾಡದವನೂ ಅಷ್ಟೇ ಕಟ್ಟುತ್ತಾರೆ, ಮತ್ತೆ ಶುದ್ಧಿ ಯಾಕೆ ಮಾಡಬೇಕು?

ರೊನಾಲ್ಡ್ ಕೋಸ್ 1960ರಲ್ಲಿ ಬೇರೆ ಮಾತು ಹೇಳಿದ. ಕೆರೆಯ ಹಕ್ಕು ಯಾರದೆಂದು ಸ್ಪಷ್ಟವಿದ್ದು, ಕೂತು ಮಾತಾಡಲು ಏನೂ ಖರ್ಚಿಲ್ಲದಿದ್ದರೆ, ಸರ್ಕಾರ ಬರದೆಯೂ ವ್ಯವಹಾರ ಕುದುರುತ್ತದೆ. ಹಕ್ಕು ಊರಿನದಾದರೆ 500 ಪರಿಹಾರ ಕೊಡುವ ಬದಲು ಕಾರ್ಖಾನೆ 150 ಖರ್ಚು ಮಾಡುತ್ತದೆ. ಹಕ್ಕು ಕಾರ್ಖಾನೆಯದಾದರೆ ಊರವರೇ ಇನ್ನೂರು ಕೊಟ್ಟು ಶುದ್ಧಿ ಮಾಡಿಸಿದರೂ ಅವರಿಗೆ ಮುನ್ನೂರು ಉಳಿತಾಯ. ಎರಡು ದಾರಿಯಲ್ಲೂ ಕೆರೆ ಶುದ್ಧ. ನ್ಯಾಯ ಮಾತ್ರ ಒಂದೇ ಅಲ್ಲ, ಎರಡನೆಯದರಲ್ಲಿ ಪೆಟ್ಟು ತಿಂದವರೇ ದುಡ್ಡು ಕೊಡುತ್ತಾರೆ.

ಮಾತುಕತೆಗೆ ಖರ್ಚಿಲ್ಲದಿದ್ದರೆ ಎಂಬ ಆ ಷರತ್ತೇ ಪಟಾಂಚೆರುವಿನಂಥ ಊರಲ್ಲಿ ಮುರಿದುಬೀಳುತ್ತದೆ. ಒಂದು ಕಡೆ ತೊಂಬತ್ತು ಕಾರ್ಖಾನೆ, ಇನ್ನೊಂದು ಕಡೆ ಹಲವು ಹಳ್ಳಿ. ಕೆರೆಯಲ್ಲಿ ಸಿಕ್ಕ ವಿಷ ಯಾರದೆಂದು ತೋರಿಸುವುದು ಹೇಗೆ? ರಾತ್ರಿ ಟ್ಯಾಂಕರಿನಲ್ಲಿ ತಂದು ಸುರಿದರೆ ಸಾಕ್ಷಿ ಯಾರು? ಪಹಣಿ ಇದ್ದ ರೈತ ಪರಿಹಾರ ಕೇಳಬಹುದು. ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ಕುರಿ ಕಾಯುವವರು ತಮ್ಮ ನಷ್ಟಕ್ಕೆ ಯಾವ ಕಾಗದ ತೋರಿಸಬೇಕು? ಪಟಾಂಚೆರುವಿನ ಮಾಲಿನ್ಯದ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದದ್ದು 1990ರಲ್ಲಿ. ಅಲ್ಲಿಂದ ಹೈಕೋರ್ಟಿಗೆ, ಮುಂದೆ ಹಸಿರು ನ್ಯಾಯಮಂಡಳಿಗೆ ಹೋಗಿ ತೀರ್ಪು ಬಂದದ್ದು 2017ರಲ್ಲಿ. ಮಾತುಕತೆಯ ಖರ್ಚು ಎಂದು ಕೋಸ್ ಕರೆದದ್ದರಲ್ಲಿ ಈ ಇಪ್ಪತ್ತೇಳು ವರ್ಷವೂ ಸೇರುತ್ತದೆ.

ಹಾಗಾದರೆ ಕಾನೂನು? ನಮ್ಮಲ್ಲಿ 1974ರಿಂದ ಜಲಮಾಲಿನ್ಯ ಕಾಯ್ದೆ ಇದೆ, ಮಂಡಳಿಗಳಿವೆ, ನೀರಿಗೆ ಬಿಡುವ ತ್ಯಾಜ್ಯಕ್ಕೆ ಮಿತಿಗಳಿವೆ. ತೊಡಕಿರುವುದು ದಂಡದ ಲೆಕ್ಕದಲ್ಲಿ. ಶುದ್ಧಿ ಮಾಡದೆ ಒಬ್ಬ ವರ್ಷಕ್ಕೆ 10 ಲಕ್ಷ ಉಳಿಸುತ್ತಾನೆ, ಸಿಕ್ಕಿಬಿದ್ದರೆ 20 ಲಕ್ಷ ದಂಡ, ಆದರೆ ಸಿಕ್ಕಿಬೀಳುವುದು ಹತ್ತು ವರ್ಷಕ್ಕೊಮ್ಮೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಅವನಿಗೆ ಬೀಳುವ ದಂಡ ಸರಾಸರಿ ಎರಡೇ ಲಕ್ಷ. ಕಾಗದದ ಮೇಲೆ ಕಠಿಣವಾಗಿ ಕಾಣುವ ದಂಡ ಅವನಿಗೆ ಇನ್ನೊಂದು ಸಣ್ಣ ಬಾಡಿಗೆ ಅಷ್ಟೆ. ದಂಡ ಏರಿಸುವುದಕ್ಕಿಂತ ಹಿಡಿಯುವುದನ್ನು ಹೆಚ್ಚಿಸುವುದೇ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಎಣಿಕೆ.

ಇನ್ನು ಅಳತೆಯೇ ಇಲ್ಲದ ಕೊಳೆ. ನೀರಿನ ಬಿಒಡಿ, ಸಿಒಡಿ ನೋಡುವ ಪರೀಕ್ಷೆ ಸಾವಯವ ಕೊಳೆ ಒಟ್ಟು ಎಷ್ಟಿದೆ ಎಂದು ತೋರಿಸುತ್ತದೆಯೇ ಹೊರತು ಅದರಲ್ಲಿ ಆ್ಯಂಟಿಬಯಾಟಿಕ್ ಎಷ್ಟು ಎಂದು ಹೇಳುವುದಿಲ್ಲ. ಆದರೆ ಅಂಥ ನೀರಿನಲ್ಲಿ ಬದುಕಿ ಉಳಿಯುವ ಬ್ಯಾಕ್ಟೀರಿಯಾ ಔಷಧಿಗೆ ಜಗ್ಗದಂಥವು. ಹಾಗಾಗಿ ನಷ್ಟ ಅಚ್ಚುಕಟ್ಟಿನಲ್ಲಿ ನಿಲ್ಲದೆ ದೂರದೂರದ ಆಸ್ಪತ್ರೆಗಳವರೆಗೂ ಹೋಗಬಲ್ಲದು. ಕೇಂದ್ರ ಸರ್ಕಾರ 2020ರ ಜನವರಿಯಲ್ಲಿ ಆ್ಯಂಟಿಬಯಾಟಿಕ್ ಉಳಿಕೆಗೆ ಮಿತಿ ಹಾಕುವ ಕರಡು ಹೊರಡಿಸಿತು. 2021ರ ಆಗಸ್ಟಿನಲ್ಲಿ ಅಂತಿಮ ನಿಯಮ ಬಂದಾಗ ಆ ಮಿತಿಗಳು ಅದರಲ್ಲಿರಲಿಲ್ಲ.

ನಿಮ್ಮೂರ ಕೆರೆಯ ಮೇಲುಭಾಗದಲ್ಲಿ ಕೈಗಾರಿಕಾ ವಸಾಹತು ಬರುತ್ತದೆಂಬ ಸುದ್ದಿ ಇದ್ದರೆ, ಮೊದಲ ಕಾರ್ಖಾನೆ ಏಳುವ ಮುನ್ನವೇ ಪಂಚಾಯಿತಿಯವರ ಕೈಲಿ ಕೆರೆ ಮತ್ತು ಬಾವಿಗಳ ನೀರನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ, ವರದಿಯನ್ನು ದಫ್ತರಿನಲ್ಲಿ ಇಡಿಸಿ. ಮೊದಲು ನೀರು ಹೇಗಿತ್ತು ಎಂಬ ಕಾಗದ ಕೈಯಲ್ಲಿಲ್ಲದಿದ್ದರೆ ಆಮೇಲಾದ ನಷ್ಟ ಎಷ್ಟು ಎಂಬ ವಾದ ಯಾವ ಕೋರ್ಟಿನಲ್ಲೂ ಗಟ್ಟಿಯಾಗಿ ನಿಲ್ಲುವುದಿಲ್ಲ.