ಮನೆಯ ಡಿಎನ್‌ಎಸ್ ನಿಧಾನವೇ? ತಡ ಎಲ್ಲಿದೆ ಎಂದು ಅಳೆದು ನೋಡಿ

ನೀವು ಜಾಲತಾಣವೊಂದರ ಹೆಸರನ್ನು ಟೈಪಿಸಿದಾಗ ಗಣಕವು ಮೊದಲು ಆ ಹೆಸರಿಗೆ ತಕ್ಕ ಸಂಖ್ಯಾ ವಿಳಾಸವನ್ನು ಕೇಳಿ ಪಡೆಯಬೇಕು. ಈ ವಿಳಾಸ ಹೇಳುವ ವ್ಯವಸ್ಥೆಯೇ ಡಿಎನ್‌ಎಸ್. ಜಾಹೀರಾತು ತಡೆಯಲು ಕೆಲವರು ಪೈ-ಹೋಲ್ ಎಂಬ ತಂತ್ರಾಂಶವನ್ನು ಪುಟ್ಟ ಗಣಕದಲ್ಲಿ ಹಾಕಿ, ಮನೆಯ ಎಲ್ಲ ಸಾಧನಗಳೂ ಅದನ್ನೇ ವಿಳಾಸ ಕೇಳುವಂತೆ ಮಾಡುತ್ತಾರೆ. ಜಾಹೀರಾತಿನ ಹೆಸರು ಬಂದರೆ ಅದು ಸರಿಯಾದ ವಿಳಾಸವನ್ನು ಕೊಡುವುದಿಲ್ಲ; ಉಳಿದವನ್ನು ಹೊರಗಿನ ಸರ್ವರ್‌ಗೆ ಕೇಳಿ ತಿಳಿಸುತ್ತದೆ, ಸ್ವಲ್ಪ ಕಾಲ ನೆನಪಿನಲ್ಲೂ ಇಟ್ಟುಕೊಳ್ಳುತ್ತದೆ.

ಆ ಗಣಕ ರಾಸ್‌ಬೆರ್ರಿ ಪೈ ಜೀರೋ ಡಬ್ಲ್ಯೂ ಎಂದುಕೊಳ್ಳಿ. ಅದರಲ್ಲಿ 1 ಗಿಗಾಹರ್ಟ್ಸ್ ವೇಗದ ಒಂದೇ ಸಂಸ್ಕಾರಕ ಕೋರ್, 512 ಮೆಗಾಬೈಟ್ ಸ್ಮೃತಿ ಇದೆ. ಎಲ್ಲ ಪುಟಗಳೂ ತೆರೆಯಲು ತಡವರಿಸತೊಡಗಿದರೆ, ತಡೆಪಟ್ಟಿ ಉದ್ದವಾದದ್ದೇ ಕಾರಣವೆಂದು ಅನಿಸುವುದು ಸಹಜ. ಆದರೆ ಲೆಕ್ಕ ಹಾಕಿ ನೋಡಿ. ನಿಘಂಟಿನಂತೆ ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಅರ್ಧ, ಮತ್ತೆ ಅರ್ಧ ಎಂದು ಒಡೆಯುತ್ತಾ ಹೋದರೆ, ಒಂದು ಲಕ್ಷ ಹೆಸರುಗಳಲ್ಲಿ ಹುಡುಕಲು ಸುಮಾರು 17 ಹೆಜ್ಜೆ ಸಾಕು. ಹತ್ತು ಲಕ್ಷಕ್ಕೆ 20. ಪಟ್ಟಿ ಹತ್ತು ಪಟ್ಟಾದರೂ ಹೆಚ್ಚಿದ್ದು ಮೂರೇ ಹೆಜ್ಜೆ! ಹಾಗಾದರೆ ತಡವೆಲ್ಲಿ? ಅಳೆದು ತಿಳಿಯಬಹುದು. ಪುಟ್ಟ ಗಣಕದ ವಿಳಾಸ 192.168.1.5 ಆಗಿದ್ದರೆ, ಮನೆಯ ಬೇರೊಂದು ಗಣಕದಿಂದ ಹೀಗೆ ಕೇಳಿ:

```
ping 192.168.1.5
dig @192.168.1.5 example.com
dig @192.168.1.5 example.com
```

ಮೊದಲನೆಯ ಆದೇಶವು ಆ ಗಣಕದವರೆಗೆ ಹೋಗಿ ಬರುವ ಕಾಲವನ್ನು ಹೇಳುತ್ತದೆ. `dig` ಉತ್ತರದ ಕೊನೆಯಲ್ಲಿ `Query time` ಎಂಬ ಸಾಲಿರುತ್ತದೆ. ಕೂಡಲೇ ಎರಡನೆಯ ಸಲ ಕೇಳಿದಾಗ ಉತ್ತರ ನೆನಪಿನಿಂದಲೇ ಬರುವುದರಿಂದ ಹೊರಗಿನ ಸರ್ವರ್‌ನ ಕಾಲ ಇದರಲ್ಲಿ ಸೇರುವುದಿಲ್ಲ. ಒಂದೇ ಅಳತೆಯನ್ನು ನಂಬದೆ ಹತ್ತಾರು ಸಲ ಅಳೆದು ನಡುವಿನ ಬೆಲೆಯನ್ನು ತೆಗೆದುಕೊಳ್ಳಿ.

ಉದಾಹರಣೆಗೆ `ping` 4 ಮಿಲಿಸೆಕೆಂಡ್, ಎರಡನೆಯ `dig` 48 ಮಿಲಿಸೆಕೆಂಡ್ ಬಂತೆನ್ನಿ. ದಾರಿಯ 4 ಕಳೆದರೆ ಉಳಿದ 44 ಮಿಲಿಸೆಕೆಂಡ್ ಆ ಗಣಕದೊಳಗೇ ಕಳೆದಿದೆ. ಬದಲಿಗೆ `ping` ಕೂಡ 45ರ ಆಸುಪಾಸಿನಲ್ಲಿದ್ದರೆ ದೋಷ ವೈಫೈನದು. ಪುಟ್ಟ ಗಣಕವನ್ನು ರೂಟರ್ ಹತ್ತಿರ ಇಡುವುದು, ಸಾಧ್ಯವಾದರೆ ತಂತಿಯಿಂದ ಜೋಡಿಸುವುದು ಪರಿಹಾರ.

ದೋಷ ಗಣಕದೊಳಗಿದ್ದರೆ ಅದರಲ್ಲಿ `top` ಮತ್ತು `free -m` ಆದೇಶ ಕೊಟ್ಟು ನೋಡಿ. ಅದೇ ಗಣಕ ಕ್ಯಾಮೆರಾದ ಚಿತ್ರಗಳನ್ನೂ ದಾಖಲಿಸುತ್ತಿದ್ದರೆ ಇರುವ ಒಂದೇ ಕೋರ್ ಅದಕ್ಕೇ ಮೀಸಲಾಗಿ, ವಿಳಾಸದ ಪ್ರಶ್ನೆಗಳು ಸರತಿಯಲ್ಲಿ ಕಾಯುತ್ತವೆ. ಸ್ಮೃತಿ ಸಾಲದಿದ್ದರೆ ಎಸ್‌ಡಿ ಕಾರ್ಡನ್ನೇ ಸ್ಮೃತಿಯಂತೆ ಬಳಸಬೇಕಾಗಿ, ವಿಳಂಬ ಇನ್ನೂ ಬೆಳೆಯುತ್ತದೆ. ಇತರ ಕೆಲಸವನ್ನು ಬೇರೆಡೆಗೆ ಸಾಗಿಸಿ ಮತ್ತೆ ಅಳೆಯಿರಿ.

ಎರಡನೆಯ ಉತ್ತರ ಬೇಗ ಬಂದು, ಹೊಸ ಹೆಸರುಗಳು ಮಾತ್ರ ತಡವಾದರೆ? ಆಗ ಹೊರಗಿನ ಸರ್ವರನ್ನೂ `dig` ಮೂಲಕ ನೇರವಾಗಿ ಅಳೆಯಿರಿ. ಅದು ಚುರುಕಾಗಿದ್ದರೆ ನೀವು ಸೇರಿಸಿದ ರೆಜೆಕ್ಸ್ ನಿಯಮಗಳನ್ನು ಗಮನಿಸಿ. ಪಟ್ಟಿಯ ಹೆಸರುಗಳಂತೆ ಅವನ್ನು ಅರ್ಧಕ್ಕರ್ಧ ಒಡೆದು ಹುಡುಕಲಾಗದು, ಒಂದೊಂದನ್ನೂ ಪರೀಕ್ಷಿಸಬೇಕು.

ರೂಟರ್‌ನಲ್ಲಿ ಹೊರಗಿನ ಸರ್ವರನ್ನು ಎರಡನೆಯ ಡಿಎನ್‌ಎಸ್ ಆಗಿ ಸೇರಿಸುವುದು ಸುಲಭದ ಉಪಾಯವೆನಿಸಬಹುದು. ಆದರೆ ಸಾಧನಗಳು ಮೊದಲನೆಯದು ಕೆಟ್ಟಾಗ ಮಾತ್ರ ಅದನ್ನು ಕೇಳುತ್ತವೆ ಎಂಬ ಖಾತರಿಯಿಲ್ಲ. ಜಾಹೀರಾತುಗಳು ಆ ದಾರಿಯಿಂದ ಮತ್ತೆ ಒಳಬರುತ್ತವೆ.